‘ಬ್ಯಾಲೆನ್ಸ್ ಎಗೇನ್ಸ್ಟ್ ಡಾಕ್ಯುಮೆಂಟ್ಸ್’ ಅಂತ ಮೇಲ್ ಕಳಿಸುವ ಮೊದಲು ಇದನ್ನು ಓದಿ

ಚನ್ನಪಟ್ಟಣದ ಒಂದು ಗೊಂಬೆ ಘಟಕದಲ್ಲಿ ನಾನು ರಫ್ತಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ಮೆಲ್ಬರ್ನ್‌ನ ಒಬ್ಬ ಬಯರ್‌ಗೆ ಕಳಿಸಿದ ಸರಕಿನಲ್ಲಿ ನಮಗೆ ಬಿದ್ದ ಪೆಟ್ಟಿನ ಕಥೆ ಇದು. ಹೊಸದಾಗಿ ಹೊರದೇಶಕ್ಕೆ ಮಾಲು ಕಳಿಸುತ್ತಿರುವವರು ನಮ್ಮ ಕಡೆ ಈಗ ಜಾಸ್ತಿ. ಅವರಲ್ಲಿ ಕೆಲವರ ಮೇಲ್ ನೋಡಿದೆ. ನಮ್ಮ ಯಜಮಾನರು ಅವತ್ತು ಕಳಿಸಿದ್ದ ಮೂರು ಸಾಲುಗಳೇ ಅಲ್ಲೂ ಇದ್ದವು. ಅದಕ್ಕೇ ಬರೆಯುತ್ತಿದ್ದೇನೆ.

ಆರ್ಡರ್ ದೊಡ್ಡದೇನಲ್ಲ. ಸುಮಾರು ಐದು ಕ್ಯೂಬಿಕ್ ಮೀಟರ್ ಸರಕು, ಬೆಲೆ 9,000 ಡಾಲರ್. ಇಡೀ ಕಂಟೈನರ್ ತುಂಬದ್ದರಿಂದ ಬೇರೆಯವರ ಸರಕಿನ ಜೊತೆ ಎಲ್‌ಸಿಎಲ್‌ನಲ್ಲಿ ಹೋಗಬೇಕಿತ್ತು. ಬಯರ್ ದರ ಒಪ್ಪಿದ ಮೇಲೆ ಹೋದ ಮೇಲ್‌ನಲ್ಲಿ ಇದ್ದದ್ದು ಇಷ್ಟು: ‘ಎಫ್‌ಒಬಿ ಬ್ಯಾಂಗಲೋರ್. ಥರ್ಟಿ ಪರ್ಸೆಂಟ್ ಅಡ್ವಾನ್ಸ್, ಬ್ಯಾಲೆನ್ಸ್ ಎಗೇನ್ಸ್ಟ್ ಡಾಕ್ಯುಮೆಂಟ್ಸ್. ಆಲ್ ಸ್ಟಾಂಡರ್ಡ್ ಎಕ್ಸ್‌ಪೋರ್ಟ್ ಡಾಕ್ಯುಮೆಂಟ್ಸ್ ವಿಲ್ ಬಿ ಪ್ರೊವೈಡೆಡ್.’ ಆ ಕಡೆಯಿಂದ ‘ಓಕೆ, ಅಗ್ರೀಡ್’ ಅಂತ ಉತ್ತರ ಬಂತು. 2,700 ಡಾಲರ್ ಮುಂಗಡವೂ ಬಂತು. ಎಲ್ಲರಿಗೂ ಖುಷಿ.

ಮೊದಲು ಕೈಕೊಟ್ಟಿದ್ದು ಎಫ್‌ಒಬಿ. ಎಫ್‌ಒಬಿ ಅಂದರೆ ಸರಕನ್ನು ಹಡಗಿಗೆ ಹತ್ತಿಸುವ ತನಕ ಖರ್ಚು, ಅಪಾಯ ಎರಡೂ ಮಾರುವವನದು. ಬೆಂಗಳೂರಿಗೆ ಹಡಗು ಎಲ್ಲಿಂದ ಬರಬೇಕು? ವೈಟ್‌ಫೀಲ್ಡ್ ಡಿಪೋಗೆ ಸರಕು ಒಪ್ಪಿಸಿದರೆ ನಮ್ಮ ಕೆಲಸ ಮುಗಿಯಿತು ಅಂತ ಯಜಮಾನರು ದರ ಕಟ್ಟಿದ್ದರು. ಎಫ್‌ಒಬಿಯಲ್ಲಿ ಹಡಗಿನ ಬಾಡಿಗೆ ಬಯರ್‌ದು, ಹಾಗಾಗಿ ಸಾಗಣೆಯ ಏರ್ಪಾಡು ನೋಡುವ ಫಾರ್ವರ್ಡರ್‌ನನ್ನು ಗೊತ್ತು ಮಾಡಿದ್ದೂ ಬಯರ್. ಆ ಫಾರ್ವರ್ಡರ್ ನಮಗೇ ಬಿಲ್ ಕಳಿಸಿದ: ಬೆಂಗಳೂರಿನಿಂದ ಚೆನ್ನೈಗೆ ಸಾಗಣೆ, ಬಿಡಿ ಸರಕನ್ನು ಒಟ್ಟುಗೂಡಿಸಿ ಕಂಟೈನರ್‌ಗೆ ತುಂಬುವ ಸಿಎಫ್‌ಎಸ್ ಗೋದಾಮಿನ ಚಾರ್ಜು, ಟರ್ಮಿನಲ್ ಹ್ಯಾಂಡ್ಲಿಂಗ್, ಸಾಗಣೆಯ ಕಾಗದವಾದ ಬಿಲ್ ಆಫ್ ಲೇಡಿಂಗ್ ಅಂದರೆ ಬಿಎಲ್‌ನ ಶುಲ್ಕ, ಎಲ್ಲ ಸೇರಿ ₹31,000. ಫೋನ್ ಮಾಡಿದರೆ ಆ ಹುಡುಗ, ‘ಸಾರ್, ನಿಮ್ಮ ಮೇಲ್‌ನಲ್ಲಿ ಎಫ್‌ಒಬಿ ಅಂತಾನೇ ಇದೆಯಲ್ಲ, ಹಡಗು ಹತ್ತೋದು ಚೆನ್ನೈನಲ್ಲಿ ಅಲ್ವಾ?’ ಅಂದ. ಅವನ ಮಾತು ತಪ್ಪು ಅನ್ನೋ ಹಾಗಿಲ್ಲ. ನಮ್ಮ ಮಾತೂ ಪೂರ್ತಿ ತಪ್ಪಲ್ಲ, ಯಾಕೆಂದರೆ ಪಕ್ಕದಲ್ಲಿ ಬೆಂಗಳೂರು ಅಂತ ಬರೆದಿತ್ತು. ಆದರೆ ಸರಕು ಅವನ ಕೈಯಲ್ಲಿತ್ತು. ದುಡ್ಡು ಕಟ್ಟದೆ ಕಾಗದ ಕೊಡುವುದಿಲ್ಲ ಅಂದ. ಕಟ್ಟಿದೆವು.

ಎರಡನೆಯದು ಡಾಕ್ಯುಮೆಂಟ್ಸ್. ‘ಸ್ಟಾಂಡರ್ಡ್’ ಅಂದರೆ ನಮ್ಮ ಪಾಲಿಗೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್, ಸರ್ಟಿಫಿಕೇಟ್ ಆಫ್ ಒರಿಜಿನ್. ಹಡಗು ಚೆನ್ನೈ ಬಿಟ್ಟ ಮೇಲೆ ಬಯರ್ ಕಡೆಯ ಕಸ್ಟಮ್ಸ್ ಬ್ರೋಕರ್ ಮೇಲ್ ಹಾಕಿ ಇನ್ನೂ ಮೂರು ಕಾಗದ ಕೇಳಿದ.

ಒಂದು ಪ್ಯಾಕಿಂಗ್ ಡಿಕ್ಲರೇಷನ್. ಪೆಟ್ಟಿಗೆಯಲ್ಲಿ ಹುಲ್ಲು, ಹೊಟ್ಟು ತುಂಬಿಲ್ಲ, ಮರದ ಪ್ಯಾಲೆಟ್ ಇದ್ದರೆ ಅದಕ್ಕೆ ಟ್ರೀಟ್‌ಮೆಂಟ್ ಆಗಿದೆ ಅಂತೆಲ್ಲ ಬರೆದು ಸಹಿ ಹಾಕುವ ಕಾಗದ. ಆಸ್ಟ್ರೇಲಿಯಾಗೆ ಸಮುದ್ರದ ಮೇಲೆ ಹೋಗುವ ಸರಕಿಗೆ ಇದನ್ನು ಕೇಳುತ್ತಾರೆ. ಅದು ನಮ್ಮ ಕೈಯಲ್ಲೇ ಇರುವ ಕೆಲಸ, ಅವತ್ತೇ ಕಳಿಸಿದೆವು. ಇನ್ನೊಂದು ಇಸಿಟಿಎ ಅಡಿಯ ಒರಿಜಿನ್ ಸರ್ಟಿಫಿಕೇಟ್. ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಈ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಆ ಸರ್ಟಿಫಿಕೇಟ್ ತೋರಿಸಿದರೆ ಬಯರ್‌ಗೆ ಸುಂಕದಲ್ಲಿ ರಿಯಾಯಿತಿ. ನಾವು ಕಳಿಸಿದ್ದು ಸಾಮಾನ್ಯ ಒರಿಜಿನ್ ಸರ್ಟಿಫಿಕೇಟ್, ಅದಕ್ಕೆ ರಿಯಾಯಿತಿ ಇಲ್ಲ. ಸ್ವಲ್ಪ ಓಡಾಡಿ ಅದನ್ನೂ ತಡವಾಗಿ ತಂದುಕೊಟ್ಟೆವು.

ಮೂರನೆಯದಕ್ಕೆ ದಾರಿಯೇ ಇರಲಿಲ್ಲ. ಮರದ ಸಾಮಾನಿಗೆ ಹುಳ ಸಾಯುವ ಹಾಗೆ ಗ್ಯಾಸ್ ಹೊಡೆಸಿದ್ದಕ್ಕೆ ಕೊಡುವ ಫ್ಯೂಮಿಗೇಷನ್ ಸರ್ಟಿಫಿಕೇಟ್, ಅದೂ ಆಸ್ಟ್ರೇಲಿಯಾ ಒಪ್ಪಿದ ಪಟ್ಟಿಯಲ್ಲಿರುವ ಸಂಸ್ಥೆಯಿಂದ. ಸರಕು ಬಂಗಾಳ ಕೊಲ್ಲಿಯಲ್ಲಿ ತೇಲುತ್ತಿರುವಾಗ ಗ್ಯಾಸ್ ಹೊಡೆಯುವುದು ಹೇಗೆ? ಹಳೇ ದಿನಾಂಕ ಹಾಕಿ ಕಾಗದ ಮಾಡಿಕೊಡುವವರು ಇದ್ದಾರೆ ಅಂತ ಯಾರೋ ಸಲಹೆ ಕೊಟ್ಟರು. ಅದಕ್ಕೆ ಕೈಹಾಕಲಿಲ್ಲ, ನೀವೂ ಹಾಕಬೇಡಿ. ಕಳ್ಳ ಸರ್ಟಿಫಿಕೇಟ್ ಸಿಕ್ಕಿಬಿದ್ದರೆ ಈ ಸರಕಷ್ಟೇ ಅಲ್ಲ, ಮುಂದಿನ ದಾರಿಯೂ ಮುಚ್ಚುತ್ತದೆ.

ಕೊನೆಗೆ ಮೆಲ್ಬರ್ನ್‌ನಲ್ಲೇ ಫ್ಯೂಮಿಗೇಷನ್ ಆಯಿತು. ಇಲ್ಲೊಂದು ಸೂಕ್ಷ್ಮ ಇದೆ, ಮರದ ಸಾಮಾನು ಕಳಿಸುವವರು ಗಮನಿಸಿ. ನಮ್ಮ ಪ್ರತಿ ಗೊಂಬೆಯೂ ಬಿಗಿಯಾದ ಪ್ಲಾಸ್ಟಿಕ್ ಹೊದಿಕೆಯಲ್ಲಿತ್ತು. ಪ್ಲಾಸ್ಟಿಕ್ ಒಳಗೆ ಗ್ಯಾಸ್ ಇಳಿಯುವುದಿಲ್ಲ. ಅಲ್ಲಿ ಪೆಟ್ಟಿಗೆ ಬಿಚ್ಚಿ, ಹೊದಿಕೆ ಕೊಯ್ದು, ಆಮೇಲೆ ಗ್ಯಾಸ್ ಬಿಟ್ಟರು. ಬಯರ್ ಕಳಿಸಿದ ಫೋಟೋದಲ್ಲಿ ಬ್ಲೇಡಿನ ಗೀರು ಹಾಲೆಮರದ ತನಕ ಇಳಿದಿತ್ತು, ಅರಗಿನ ಕೆಂಪು ಬಣ್ಣದ ಮಧ್ಯೆ ಬಿಳಿ ಗೆರೆ. ಅರಗಿನ ಲೇಪವೂ ಗ್ಯಾಸನ್ನು ತಡೆಯುತ್ತದೆಯೇ ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ಬಣ್ಣ ಹಚ್ಚುವ ಮೊದಲೋ ಆಮೇಲೋ, ಯಾವ ಹಂತದಲ್ಲಿ ಟ್ರೀಟ್‌ಮೆಂಟ್ ಆಗಬೇಕು ಅನ್ನುವುದನ್ನು ಬಯರ್‌ನ ಬ್ರೋಕರ್ ಹತ್ತಿರ ಕೆಲಸ ಶುರು ಮಾಡುವ ಮೊದಲೇ ಕೇಳಬೇಕು. ಆಸ್ಟ್ರೇಲಿಯಾ ಸರ್ಕಾರದ ಬೈಕಾನ್ ಅನ್ನುವ ತಾಣದಲ್ಲಿ ಯಾವ ವಸ್ತುವಿಗೆ ಏನು ಷರತ್ತು ಅಂತ ಯಾರು ಬೇಕಾದರೂ ಹುಡುಕಬಹುದು. ಆದರೂ ಅದನ್ನು ಓದಿ ಹೇಳುವ ಜವಾಬ್ದಾರಿ ಆಮದು ಮಾಡುವವನದೇ ಅಂತ ನನ್ನ ಅಭಿಪ್ರಾಯ. ಅವನ ದೇಶ, ಅವನ ಕಾನೂನು.

ಇನ್ನು ದುಡ್ಡಿನ ವಿಷಯ. ಬಾಕಿ 6,300 ಡಾಲರ್. ‘ಎಗೇನ್ಸ್ಟ್ ಡಾಕ್ಯುಮೆಂಟ್ಸ್’ ಅನ್ನುವುದನ್ನು ಮೂರು ಥರ ಓದಬಹುದು. ಬಿಎಲ್ ಸ್ಕ್ಯಾನ್ ನೋಡಿ ದುಡ್ಡು ಹಾಕುವುದು ಒಂದು. ಮೂಲ ಕಾಗದ ನಮ್ಮ ಬ್ಯಾಂಕಿನಿಂದ ಅವರ ಬ್ಯಾಂಕಿಗೆ ಹೋಗಿ, ದುಡ್ಡು ಕಟ್ಟಿದ ಮೇಲೆ ಬಯರ್ ಕೈಗೆ ಸಿಗುವುದು ಇನ್ನೊಂದು, ಇದನ್ನೇ ಡಿಪಿ ಅನ್ನುತ್ತಾರೆ. ಮೂರನೆಯದು ನಮ್ಮ ಬಯರ್‌ನ ಓದು: ಎಲ್ಲ ಕಾಗದ ಸರಿಯಾಗಿ, ಸರಕು ಬಿಡುಗಡೆ ಆದ ಮೇಲೆ ಕೊಡುತ್ತೇನೆ. ಮೇಲ್‌ನಲ್ಲಿ ಯಾವುದು ಅಂತ ಇಲ್ಲ. ವಾದ ಮಾಡಿ ಏನು ಸುಖ?

ಆದರೂ ಕೈಯಲ್ಲಿ ಒರಿಜಿನಲ್ ಬಿಎಲ್ ಇದ್ದಿದ್ದರೆ ಮಾತಿಗೆ ಒಂದು ಬೆಲೆ ಇರುತ್ತಿತ್ತು. ಅದನ್ನು ಕೊಡದೆ ಅಲ್ಲಿ ಸರಕು ಬಿಡುವ ಹಾಗಿಲ್ಲ. ನಮಗೆ ಬಂದದ್ದು ಸೀ ವೇಬಿಲ್. ಬಯರ್ ಹಾಗೇ ಮಾಡಿ ಅಂತ ತನ್ನ ಫಾರ್ವರ್ಡರ್‌ಗೆ ಮೊದಲೇ ಹೇಳಿದ್ದ. ನೋಡಲು ಎರಡೂ ಒಂದೇ ಥರ ಇರುತ್ತವೆ, ಅದೇ ಹಡಗಿನ ಹೆಸರು, ಅದೇ ಕಾಲಂಗಳು. ತಲೆಯ ಮೇಲೆ ‘ನಾನ್ ನೆಗೋಷಿಯಬಲ್’ ಅಂತ ಇರುತ್ತದೆ, ಒರಿಜಿನಲ್‌ಗಳ ಸಂಖ್ಯೆ ಬರೆಯುವ ಜಾಗದಲ್ಲಿ ಸೊನ್ನೆ ಇರುತ್ತದೆ ಇಲ್ಲವೇ ಖಾಲಿ. ವೇಬಿಲ್‌ನಲ್ಲಿ ಹೆಸರಿರುವವನು ತಾನೇ ಅವನು ಅಂತ ತೋರಿಸಿದರೆ ಸಾಕು, ಸರಕು ಅವನದು. ನಮ್ಮ ಹತ್ತಿರ ಇದ್ದ ಕಾಗದಕ್ಕೆ ಯಾವ ಹಿಡಿತವೂ ಇರಲಿಲ್ಲ.

ಎರಡು ತಿಂಗಳು ದಾಟಿದ ಮೇಲೆ ದುಡ್ಡು ಬಂತು. ಫ್ಯೂಮಿಗೇಷನ್, ಗೋದಾಮು ಬಾಡಿಗೆ, ಹಾಳಾದ ಗೊಂಬೆ ಅಂತೆಲ್ಲ ಮುರಿದುಕೊಂಡು 4,450 ಡಾಲರ್. ಅಲ್ಲಿಗೂ ಮುಗಿಯಲಿಲ್ಲ. ಕಸ್ಟಮ್ಸ್‌ಗೆ ಕೊಟ್ಟ ಶಿಪ್ಪಿಂಗ್ ಬಿಲ್‌ನಲ್ಲಿ 9,000 ಇದ್ದು ಬ್ಯಾಂಕಿಗೆ ಕಡಿಮೆ ಬಂದರೆ, ರಫ್ತಿನ ಹಣ ಬಂತೇ ಅಂತ ಲೆಕ್ಕ ಇಡುವ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೆಯಲ್ಲಿ ಆ ಬಿಲ್ ಬಾಕಿ ಅಂತಲೇ ತೋರಿಸುತ್ತಿರುತ್ತದೆ. ಬಯರ್‌ನ ಪತ್ರ, ಖರ್ಚಿನ ರಸೀದಿ ಎಲ್ಲ ಜೋಡಿಸಿ, ಕಡಿತಕ್ಕೆ ಬ್ಯಾಂಕಿನ ಒಪ್ಪಿಗೆ ಪಡೆದು ಅದನ್ನು ಮುಚ್ಚಿಸುವ ಹೊತ್ತಿಗೆ ಸಾಕೋ ಸಾಕಾಯಿತು.

ಈಗ ದರ ಒಪ್ಪಿಗೆಯಾದ ಕೂಡಲೇ, ಮುಂಗಡ ಬರುವ ಮೊದಲೇ ನಾವು ಕಳಿಸುವ ಮೇಲ್ ಬೇರೆ. ಸಾಗಣೆಯ ಸಾಲು ಹೀಗೆ: ‘ಎಫ್‌ಸಿಎ, ಬೆಂಗಳೂರು, ಇಂಥ ಸಿಎಫ್‌ಎಸ್, ಇನ್‌ಕೋಟರ್ಮ್ಸ್ 2020.’ ಇನ್‌ಕೋಟರ್ಮ್ಸ್ ಅಂದರೆ ಖರ್ಚು, ಅಪಾಯ ಯಾರದು ಅಂತ ಹೇಳುವ ಅಂತರರಾಷ್ಟ್ರೀಯ ವ್ಯಾಪಾರದ ನಿಯಮಾವಳಿ. ಅದರಲ್ಲಿ ಎಫ್‌ಸಿಎ ಅಂದರೆ, ಹೆಸರಿಸಿದ ಜಾಗದಲ್ಲಿ ಬಯರ್‌ನ ಸಾಗಣೆದಾರನಿಗೆ ಸರಕು ಒಪ್ಪಿಸಿದರೆ ಮಾರುವವನ ಹೊಣೆ ಮುಗಿಯಿತು. ಆ ಸಾಲಿನ ಕೆಳಗೆ ಬಿಡಿಸಿ ಬರೆಯುತ್ತೇವೆ: ಸಿಎಫ್‌ಎಸ್ ಗೇಟಿನ ತನಕ ಸಾಗಣೆ ಮತ್ತು ಇಲ್ಲಿನ ಕಸ್ಟಮ್ಸ್ ಕ್ಲಿಯರೆನ್ಸ್ ನಮ್ಮದು. ಅಲ್ಲಿಂದ ಚೆನ್ನೈಗೆ ಸಾಗಣೆ, ಟರ್ಮಿನಲ್ ಚಾರ್ಜು, ಬಿಎಲ್ ಶುಲ್ಕ, ಹಡಗಿನ ಬಾಡಿಗೆ ನಿಮ್ಮದು. ಹಡಗೇ ಬರದ ಊರಿನಿಂದ ಕಳಿಸುವವರಿಗೆ ಎಫ್‌ಒಬಿಗಿಂತ ಇದು ಹೊಂದುತ್ತದೆ. ಸರಕು ಹಡಗು ಹತ್ತಿದೆ ಅಂತ ನಮೂದಿರುವ ಬಿಎಲ್ ಬೇಕಿದ್ದರೆ ಎಫ್‌ಸಿಎಯಲ್ಲೂ ಕೇಳಬಹುದು. ಹಾಗೆ ಕೊಡಿ ಅಂತ ಬಯರ್ ತನ್ನ ಸಾಗಣೆದಾರನಿಗೆ ಹೇಳಬೇಕು ಅಂತ ಎರಡೂ ಕಡೆ ಒಪ್ಪಿಕೊಳ್ಳಲು 2020ರ ಆವೃತ್ತಿಯಲ್ಲಿ ಅವಕಾಶ ಮಾಡಿದ್ದಾರೆ.

ಕಾಗದಗಳ ಬಗ್ಗೆ ‘ಸ್ಟಾಂಡರ್ಡ್’ ಅನ್ನುವ ಪದವನ್ನೇ ಬಿಟ್ಟೆವು. ನಾವು ಕೊಡುವುದನ್ನು ಹೆಸರು ಹೇಳಿ ಬರೆಯುತ್ತೇವೆ. ಪ್ರತಿಯೊಂದರ ಮುಂದೆ ಯಾರು ಕೊಡುತ್ತಾರೆ, ಮೂಲವೋ ಸ್ಕ್ಯಾನೋ, ಎಷ್ಟು ಪ್ರತಿ ಅಂತ ಇರುತ್ತದೆ. ಆಮೇಲೆ, ‘ಇದಲ್ಲದೆ ಬೇರೇನು ಬೇಕು ಅಂತ ನಿಮ್ಮ ಕಸ್ಟಮ್ಸ್ ಬ್ರೋಕರ್‌ನಿಂದ ಬರಹದಲ್ಲಿ ಕೇಳಿ ಕಳಿಸಿ. ಅದು ಬರುವ ತನಕ ಪ್ಯಾಕಿಂಗ್ ಶುರು ಮಾಡುವುದಿಲ್ಲ. ಆಮೇಲೆ ಕೇಳಿದ್ದರ ಖರ್ಚು, ತಡ ನಿಮ್ಮದು’ ಅಂತ ಸೇರಿಸುತ್ತೇವೆ. ಇದು ಒರಟಾಗಿ ಕಾಣುತ್ತದೆ ಅಂತ ಯಜಮಾನರಿಗೆ ಅಳುಕಿತ್ತು. ಇದುವರೆಗೂ ಯಾವ ಬಯರೂ ಬೇಜಾರು ಮಾಡಿಕೊಂಡಿಲ್ಲ. ಒಬ್ಬರಂತೂ ಬೈಕಾನ್ ಪುಟವನ್ನೇ ಪಿಡಿಎಫ್ ಮಾಡಿ ಕಳಿಸಿದರು.

ದುಡ್ಡಿನ ಸಾಲು: ಮುಂಗಡ ಬ್ಯಾಂಕ್ ಟಿಟಿ ಮೂಲಕ, ಬಂದ ಮೇಲೆ ತಯಾರಿ. ಬಾಕಿ ಹಣ ಒರಿಜಿನಲ್ ಬಿಎಲ್‌ನ ಸ್ಕ್ಯಾನ್ ಕಳಿಸಿದ ಐದು ಬ್ಯಾಂಕ್ ದಿನಗಳೊಳಗೆ. ಹಣ ನಮ್ಮ ಖಾತೆಗೆ ಬೀಳುವ ತನಕ ಬಿಎಲ್‌ನ ಮೂರೂ ಒರಿಜಿನಲ್ ನಮ್ಮ ಹತ್ತಿರ. ಬಿಎಲ್ ‘ಟು ಆರ್ಡರ್’ ಇರಬೇಕು, ಅಂದರೆ ನಾವು ಹಿಂದೆ ಸಹಿ ಹಾಕಿ ಕೊಟ್ಟ ಮೇಲಷ್ಟೇ ಸರಕು ಸಿಗುವ ಥರ, ಸೀ ವೇಬಿಲ್ ಒಪ್ಪುವುದಿಲ್ಲ. ಈ ಮೇಲ್‌ನ ಪ್ರತಿ ಫಾರ್ವರ್ಡರ್‌ಗೂ ಹೋಗುತ್ತದೆ, ಅವನಿಂದ ಒಪ್ಪಿಗೆ ಬಂದ ಮೇಲೆಯೇ ಸರಕು ಸಿಎಫ್‌ಎಸ್‌ಗೆ. ಬಯರ್‌ನ ಬ್ಯಾಂಕೇ ದುಡ್ಡಿಗೆ ಖಾತರಿ ಕೊಡುವ ಎಲ್‌ಸಿ ಯಾಕೆ ಬೇಡ ಅಂತ ಕೇಳಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಎರಡೂ ಕಡೆಯ ಬ್ಯಾಂಕ್ ಚಾರ್ಜೇ ಲಾಭ ತಿಂದುಬಿಡುತ್ತದೆ.

ಇದಕ್ಕೂ ಒಂದು ಮಿತಿ ಇದೆ. ಎಲ್‌ಸಿಎಲ್‌ನಲ್ಲಿ ನಮಗೆ ಸಿಗುವುದು ಫಾರ್ವರ್ಡರ್ ಕೊಡುವ ಹೌಸ್ ಬಿಎಲ್. ಅವನ ಅಲ್ಲಿನ ಏಜೆಂಟ್ ನಂಬಿಕಸ್ಥ ಅಲ್ಲದಿದ್ದರೆ ಒರಿಜಿನಲ್ ನೋಡದೆಯೂ ಸರಕು ಬಿಟ್ಟಾನು. ಇನ್ನು ಬಯರ್ ಸರಕೇ ಬೇಡ ಅಂತ ಕೈಬಿಟ್ಟರೆ, ಮೂರು ಒರಿಜಿನಲ್ ಹಿಡಿದುಕೊಂಡು ನಾವು ಏನು ಮಾಡುವುದು? ಮೆಲ್ಬರ್ನ್‌ನಲ್ಲಿ ಬಾಡಿಗೆ ಏರುತ್ತಿರುತ್ತದೆ, ವಾಪಸ್ ತರಿಸುವ ಖರ್ಚು ಬೇರೆ. ಹಾಗಾಗಿ ಹೊಸ ಬಯರ್‌ಗೆ ಈಗ ಮುಂಗಡ ಶೇಕಡ 50. ಬಿಟ್ಟು ಹೋದರೆ ಅವನಿಗೂ ನಷ್ಟ ಆಗುವಷ್ಟು ದುಡ್ಡು ನಮ್ಮ ಹತ್ತಿರ ಇರಬೇಕು. ಅದಕ್ಕೆ ಒಪ್ಪದೆ ಇಬ್ಬರು ಸುಮ್ಮನಾದರು, ಒಬ್ಬರು ಚೌಕಾಸಿ ಮಾಡಿ 40ಕ್ಕೆ ಇಳಿಸಿದರು.