ಉಸಿರು, ಗ್ಯಾಸ್, ಎಪಿಡ್ಯೂರಲ್: ಎರಡು ಹೆರಿಗೆಗಳಲ್ಲಿ ನಾನು ಕಂಡ ವ್ಯತ್ಯಾಸ

ನನ್ನ ಎರಡೂ ಹೆರಿಗೆಗಳು ದಾವಣಗೆರೆಯಲ್ಲೇ ಆದವು. ಚೊಚ್ಚಲ ಹೆರಿಗೆಯಲ್ಲಿ ಮೊದಲು ಉಸಿರಾಟದ ಕ್ರಮವನ್ನೂ ಆಮೇಲೆ ಮುಖವಾಡದಿಂದ ಎಳೆದುಕೊಳ್ಳುವ ಗ್ಯಾಸನ್ನೂ ಬಳಸಿದೆ. ಎರಡನೆಯದರಲ್ಲಿ ಎಪಿಡ್ಯೂರಲ್, ಅಂದರೆ ಬೆನ್ನಿನೊಳಗೆ ಬಿಟ್ಟ ತೆಳು ನಳಿಕೆಯಿಂದ ನೋವು ತಡೆಯುವ ಔಷಧ, ಹಾಕಿಸಿಕೊಂಡೆ. ಈ ಮೂರರಲ್ಲಿ ಯಾವುದು ಒಳ್ಳೆಯದು ಎಂದು ಬಂಧುಬಳಗದ ಗರ್ಭಿಣಿಯರು ಆಗಾಗ ಕೇಳುತ್ತಾರೆ. ಇವು ಒಂದೇ ಕೆಲಸವನ್ನು ಹೆಚ್ಚು ಕಡಿಮೆ ಬಲದಿಂದ ಮಾಡುವ ಉಪಾಯಗಳಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಉಸಿರಾಟದ ಕ್ರಮವು ಭಯದ ಮೇಲೂ ಮೈಯ ಬಿಗಿತದ ಮೇಲೂ ಕೆಲಸ ಮಾಡುತ್ತದೆ. ಗ್ಯಾಸ್ ಒಂದೊಂದು ಬೇನೆಯ ಆ ಒಂದು ನಿಮಿಷದ ಮಟ್ಟಿಗೆ ಮಿದುಳನ್ನು ಮಂಕುಗೊಳಿಸುತ್ತದೆ. ಎಪಿಡ್ಯೂರಲ್ ಮಾತ್ರವೇ ಗರ್ಭಕೋಶದಿಂದ ನೋವನ್ನು ಹೊತ್ತೊಯ್ಯುವ ನರಗಳನ್ನು ತಡೆಯುತ್ತದೆ. ನನ್ನ ಮೊದಲ ಹೆರಿಗೆಯಲ್ಲಿ ಬೇನೆ ತಾನಾಗಿಯೇ ಬಂದಿತ್ತು, ಎರಡನೆಯದರಲ್ಲಿ ರಕ್ತದೊತ್ತಡ ಏರಿದ್ದರಿಂದ ಡ್ರಿಪ್ ಹಾಕಿ ಬೇನೆ ಬರಿಸಿದರು. ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಾಗ ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಉಸಿರಾಟದಿಂದ ಆರಂಭಿಸುತ್ತೇನೆ. ನಾನು ಕಲಿತ ಕ್ರಮ ಬಹಳ ಸರಳವಾದುದು. ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಂಡು, ತುಟಿಗಳನ್ನು ಸಡಿಲಬಿಟ್ಟು ಬಾಯಿಯಿಂದ ಆರು ಎಣಿಸುವಷ್ಟು ಹೊತ್ತು ಬಿಡುವುದು, ಬಿಡುವಾಗ ಭುಜ, ದವಡೆ, ತೊಡೆಗಳನ್ನು ಸಡಿಲಿಸುವುದು. ಹೀಗೆ ಮಾಡಿದರೆ ಒಂದು ನಿಮಿಷದ ಬೇನೆಯು ಸುಮಾರು ಆರು ಉಸಿರುಗಳಲ್ಲಿ ಮುಗಿಯುತ್ತದೆ. ಮೂರನೆಯ ನಾಲ್ಕನೆಯ ಉಸಿರಿನ ಹೊತ್ತಿಗೆ ನೋವು ತುದಿ ಮುಟ್ಟಿ, ಐದನೆಯದರಲ್ಲಿ ಇಳಿಯತೊಡಗುತ್ತದೆ ಎಂಬ ಲೆಕ್ಕ ಮೈಗೆ ಒಗ್ಗಿದ ಮೇಲೆ, ಮುಂದಿನ ಬೇನೆಯ ಬಗ್ಗೆ ಮೊದಲಿದ್ದ ದಿಗಿಲು ಉಳಿಯಲಿಲ್ಲ. ನೋವು ಕಡಿಮೆಯಾಯಿತೆಂದು ನಾನು ಹೇಳುವುದಿಲ್ಲ, ಅದಕ್ಕೊಂದು ಕೊನೆಯಿದೆ ಎಂಬುದು ಪ್ರತಿ ಸಲವೂ ಗೊತ್ತಿರುತ್ತಿತ್ತು, ಅಷ್ಟೆ. ಬೇನೆಯ ನಡುವೆ ಅವ್ವ ಅಂಗೈಯ ಬುಡದಿಂದ ಬೆನ್ನಿನ ಕೆಳಭಾಗವನ್ನು, ಪಿರ್ರೆಗಳ ಮೇಲಿನ ಚಪ್ಪಟೆ ಎಲುಬಿನ ಮೇಲೆ, ಬಲವಾಗಿ ಒತ್ತಿ ಹಿಡಿಯುತ್ತಿದ್ದುದು ಉಸಿರಿನಷ್ಟೇ ಉಪಯೋಗಕ್ಕೆ ಬಂತು. ಓಡಾಡಬಹುದು, ಕುಳಿತುಕೊಳ್ಳಬಹುದು, ನೀರು ಕುಡಿಯಬಹುದು, ಮಗುವಿಗೆ ಯಾವ ಔಷಧವೂ ತಲುಪುವುದಿಲ್ಲ.

ಇದರಲ್ಲಿ ಕೆಡುವ ಸಂಗತಿ ಒಂದೇ. ನೋವು ಜೋರಾದಂತೆ ಉಸಿರು ತಾನಾಗಿಯೇ ಚಿಕ್ಕದಾಗಿ, ವೇಗವಾಗಿ ಬಿಡುತ್ತದೆ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ತುಟಿಗಳ ಸುತ್ತಲೂ ಬೆರಳುಗಳ ತುದಿಯಲ್ಲೂ ಜುಮುಜುಮು ಎನ್ನುತ್ತದೆ, ತಲೆ ತಿರುಗುತ್ತದೆ. ಆ ಜುಮುಜುಮು ಕಂಡ ಕೂಡಲೇ ಜೊತೆಯಲ್ಲಿರುವವರು ಎದುರು ನಿಂತು ತಾವೇ ನಿಧಾನವಾಗಿ ಉಸಿರು ಬಿಟ್ಟು ತೋರಿಸಬೇಕು. ಒಂಟಿಯಾಗಿರುವವಳಿಗೆ ಈ ಕ್ರಮ ಅರ್ಧದಷ್ಟೂ ನೆರವಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದ್ದರಿಂದ ಲೇಬರ್ ವಾರ್ಡಿನೊಳಗೆ ಮನೆಯ ಒಬ್ಬ ಹೆಂಗಸನ್ನು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಗರ್ಭಕೋಶದ ಬಾಯಿ ಆರು ಸೆಂಟಿಮೀಟರ್ ತೆರೆಯುವವರೆಗೆ ನನಗೆ ಉಸಿರೊಂದೇ ಸಾಕಾಯಿತು. ಅನಂತರ ಬೇನೆಗಳ ನಡುವಿನ ಬಿಡುವು ಕಿರಿದಾಗಿ, ಎಣಿಕೆ ಕೈತಪ್ಪತೊಡಗಿದಾಗ ಗ್ಯಾಸ್ ಕೇಳಿದೆ.

ಗ್ಯಾಸ್ ಎಂದರೆ ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಸಮಪಾಲು ಬೆರೆತಿರುವ ಅನಿಲ. ಮುಖವಾಡವನ್ನು ತಾಯಿಯೇ ಹಿಡಿದುಕೊಳ್ಳಬೇಕು. ಉಸಿರೆಳೆದಾಗ ಮಾತ್ರ ಕವಾಟ ತೆರೆದುಕೊಳ್ಳುತ್ತದೆ. ಅಮಲು ಹೆಚ್ಚಾದರೆ ಕೈ ತಾನಾಗಿ ಜಾರಿ ಮುಖವಾಡ ಬೀಳುತ್ತದೆ, ಅದೇ ಅದರ ರಕ್ಷಣೆ. ಈ ಕಾರಣದಿಂದಲೇ ಬೇರೆಯವರು ಪ್ರೀತಿಯಿಂದಲೂ ಅದನ್ನು ಮುಖಕ್ಕೆ ಒತ್ತಿ ಹಿಡಿಯಬಾರದು.

ಗ್ಯಾಸಿನ ಸಫಲತೆಯೆಲ್ಲ ಅರ್ಧ ನಿಮಿಷದ ಲೆಕ್ಕದಲ್ಲಿದೆ. ಎಳೆದುಕೊಂಡ ಅನಿಲವು ಪರಿಣಾಮ ತೋರಿಸಲು ಸುಮಾರು ಮೂವತ್ತು ಸೆಕೆಂಡ್ ಬೇಕು, ಪೂರ್ಣ ಪರಿಣಾಮಕ್ಕೆ ಅದಕ್ಕಿಂತ ಸ್ವಲ್ಪ ಹೆಚ್ಚು. ಬೇನೆ ತುದಿ ಮುಟ್ಟುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಆದ್ದರಿಂದ ನೋವು ಜೋರಾದ ಮೇಲೆ ಮುಖವಾಡ ಹಿಡಿದರೆ, ಅನಿಲ ಕೆಲಸ ಮಾಡುವ ವೇಳೆಗೆ ಬೇನೆ ಇಳಿದಿರುತ್ತದೆ, ಬಿಡುವಿನ ಹೊತ್ತಿನಲ್ಲಿ ತಲೆಸುತ್ತು ಮಾತ್ರ ಉಳಿಯುತ್ತದೆ. ‘ಗ್ಯಾಸಿನಿಂದ ಏನೂ ಆಗಲಿಲ್ಲ’ ಎಂದು ಹೇಳುವ ಹಲವರ ಅನುಭವದ ಹಿಂದೆ ಈ ತಡವೇ ಇರಬಹುದೆಂದು ನನಗನ್ನಿಸುತ್ತದೆ. ನನ್ನ ಬಳಿಯಿದ್ದ ಹಿರಿಯ ಸಿಸ್ಟರ್ ಹೊಟ್ಟೆಯ ಮೇಲೆ ಅಂಗೈಯಿಟ್ಟುಕೊಂಡೇ ನಿಂತಿದ್ದರು. ಗರ್ಭಕೋಶ ಗಟ್ಟಿಯಾಗುವುದು ತಾಯಿಗೆ ನೋವು ತಿಳಿಯುವುದಕ್ಕಿಂತ ಕೊಂಚ ಮೊದಲೇ ಹೊರಗಿನ ಕೈಗೆ ಗೊತ್ತಾಗುತ್ತದೆ. ಅದು ಗೊತ್ತಾದ ಕ್ಷಣವೇ ಅವರು ‘ಈಗ ತಗೊಳ್ಳಮ್ಮ’ ಎನ್ನುತ್ತಿದ್ದರು. ಬೇನೆ ಇಳಿಯತೊಡಗಿದಾಗ ‘ಬಿಡಮ್ಮ ಈಗ’ ಎಂದು ಮುಖವಾಡ ತೆಗೆಸುತ್ತಿದ್ದರು.

ಹೀಗೆ ಸಮಯ ಹೊಂದಿದಾಗ ನೋವು ಇತ್ತು, ಆದರೆ ಅದು ನನ್ನದಲ್ಲವೇನೋ ಎಂಬಂತೆ ಸ್ವಲ್ಪ ದೂರದಲ್ಲಿತ್ತು. ಕಾಲುಗಳ ಶಕ್ತಿ ಕಡಿಮೆಯಾಗಲಿಲ್ಲ, ಮುಕ್ಕಬೇಕೆಂಬ ಒತ್ತಡ ಬಂದಾಗ ಸ್ಪಷ್ಟವಾಗಿ ತಿಳಿಯಿತು. ಬದಲಿಗೆ ತೆತ್ತ ಬೆಲೆಯೆಂದರೆ ವಾಕರಿಕೆ ಮತ್ತು ಬಾಯಿ ಒಣಗುವಿಕೆ. ಮುಖವಾಡ ಬಿಟ್ಟ ಕೆಲವೇ ನಿಮಿಷಗಳಲ್ಲಿ ಅಮಲು ಪೂರ್ತಿ ಇಳಿಯುತ್ತದೆ ಎಂಬುದು ಇದರ ದೊಡ್ಡ ಅನುಕೂಲ. ಹಿಡಿಸದಿದ್ದರೆ ನಿಲ್ಲಿಸಬಹುದು, ಹಿಂದೆ ಏನೂ ಉಳಿಯುವುದಿಲ್ಲ. ನಮ್ಮ ಕಡೆಯವರು ಗಮನಿಸಬೇಕಾದ ಒಂದು ವಿಷಯವಿದೆ. ನೈಟ್ರಸ್ ಆಕ್ಸೈಡ್ ದೇಹದಲ್ಲಿನ ಬಿ12 ವಿಟಮಿನ್ ಅನ್ನು ನಿಷ್ಕ್ರಿಯಗೊಳಿಸುತ್ತದೆ. ಅಪ್ಪಟ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಅಪರೂಪವಲ್ಲವಾದ್ದರಿಂದ, ಕೊರತೆಯಿದೆಯೆಂದು ಎಂದಾದರೂ ವೈದ್ಯರು ಹೇಳಿದ್ದರೆ ಗ್ಯಾಸ್ ಕೇಳುವ ಮೊದಲು ಅದನ್ನು ತಪ್ಪದೆ ತಿಳಿಸಬೇಕು.

ಎರಡನೆಯ ಹೆರಿಗೆಯ ಕಥೆ ಬೇರೆ. ಆಕ್ಸಿಟೋಸಿನ್ ಡ್ರಿಪ್‌ನಿಂದ ಬರಿಸಿದ ಬೇನೆಗಳು ನಿಧಾನವಾಗಿ ಏರಲಿಲ್ಲ. ಬೇಗನೆ ಬಲವಾಗಿ, ಒಂದರ ಬೆನ್ನಿಗೆ ಒಂದು ಬಂದವು. ರಕ್ತದೊತ್ತಡ ಹೆಚ್ಚಿದ್ದ ಕಾರಣ ವೈದ್ಯರೇ ಎಪಿಡ್ಯೂರಲ್ ಸೂಚಿಸಿದರು. ನೋವಿನಿಂದ ಒತ್ತಡ ಮತ್ತಷ್ಟು ಏರುವುದನ್ನು ಅದು ತಡೆಯುತ್ತದೆ, ಒಂದು ವೇಳೆ ಸಿಸೇರಿಯನ್ ಬೇಕಾದರೆ ಅದೇ ನಳಿಕೆಯಲ್ಲಿ ಬಲವಾದ ಔಷಧ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಬಹುದು. ಆದರೆ ರಕ್ತದೊತ್ತಡದ ಗರ್ಭಿಣಿಯರಲ್ಲಿ ರಕ್ತಸ್ರಾವ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಇಳಿದಿರುವ ಸಂಭವವಿರುವುದರಿಂದ ಹೊಸ ರಕ್ತಪರೀಕ್ಷೆಯ ವರದಿ ಬರುವವರೆಗೆ ಸೂಜಿ ಮುಟ್ಟಲಿಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದರೆ ಬೆನ್ನುಹುರಿಯ ಬಳಿ ರಕ್ತ ಸೋರಿ ಕಟ್ಟಿಕೊಳ್ಳುವ ಅಪಾಯವಿದೆ.

ಹಾಕುವ ಕ್ರಮ ಹೀಗಿತ್ತು. ಮಂಚದ ಅಂಚಿನಲ್ಲಿ ಕುಳಿತು, ಗದ್ದವನ್ನು ಎದೆಗೆ ತಾಗಿಸಿ ಬೆನ್ನನ್ನು ಹೊರಕ್ಕೆ ಬಾಗಿಸಬೇಕು. ಮೊದಲು ಚರ್ಮಕ್ಕೆ ಮರವುಮಾಡುವ ಚಿಕ್ಕ ಚುಚ್ಚುಮದ್ದು, ಆಮೇಲೆ ಸೊಂಟದ ಎರಡು ಎಲುಬುಗಳ ನಡುವೆ ದಪ್ಪ ಸೂಜಿ. ಒಂದು ಬೇನೆ ಮುಗಿದು ಇನ್ನೊಂದು ಬರುವುದರೊಳಗೆ ಅಲುಗದೆ ಕುಳಿತಿರುವುದೇ ಇದರಲ್ಲಿ ಅತಿ ಕಷ್ಟದ ಭಾಗ, ಅಲ್ಲಿ ನನಗೆ ಹಳೆಯ ಉಸಿರಾಟವೇ ನೆರವಾಯಿತು. ಸೂಜಿಯ ಮೂಲಕ ದಾರದಷ್ಟು ತೆಳುವಾದ ನಳಿಕೆಯನ್ನು ಒಳಗೆ ಬಿಟ್ಟು ಸೂಜಿಯನ್ನು ತೆಗೆದುಬಿಡುತ್ತಾರೆ. ಮೊದಲು ಸ್ವಲ್ಪವೇ ಔಷಧ ಕೊಟ್ಟು, ಕಿವಿಯಲ್ಲಿ ಗುಂಯ್‌ಗುಡುತ್ತಿದೆಯೇ, ಎದೆ ಹೊಡೆದುಕೊಳ್ಳುತ್ತಿದೆಯೇ, ಕಾಲು ಒಮ್ಮೆಲೇ ಭಾರವಾಯಿತೇ ಎಂದು ಅರಿವಳಿಕೆ ತಜ್ಞರು ಕೇಳಿದರು. ಮೊದಲೆರಡಕ್ಕೆ ಹೌದು ಎಂದರೆ ನಳಿಕೆ ರಕ್ತನಾಳದೊಳಗೆ ಹೋಗಿರಬಹುದು, ಮೂರನೆಯದಕ್ಕೆ ಹೌದು ಎಂದರೆ ಬೆನ್ನುಹುರಿಯ ದ್ರವದೊಳಗೆ. ಎರಡೂ ಇಲ್ಲವೆಂದು ಖಚಿತವಾದ ಮೇಲೆ ಪೂರ್ಣ ಪ್ರಮಾಣ ಕೊಟ್ಟು, ಐದೈದು ನಿಮಿಷಕ್ಕೊಮ್ಮೆ ರಕ್ತದೊತ್ತಡ ನೋಡುತ್ತ, ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ಗಮನಿಸುತ್ತ ಇದ್ದರು.

ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಎಡಭಾಗದ ನೋವು ಪೂರ್ತಿ ಹೋಯಿತು, ಬಲಗಡೆ ತೊಡೆಸಂದಿಯ ಮೇಲೆ ಮಾತ್ರ ಅಂಗೈಯಗಲದ ಜಾಗದಲ್ಲಿ ಹಾಗೆಯೇ ಉಳಿಯಿತು. ಇದು ಅಪರೂಪವಲ್ಲ, ಆಗ ಸುಮ್ಮನಿರದೆ ಹೇಳಬೇಕು. ತಜ್ಞರು ಸ್ಪಿರಿಟ್ ಹತ್ತಿಯನ್ನು ಎರಡೂ ಕಡೆ ಮುಟ್ಟಿಸಿ ಎಲ್ಲಿ ತಣ್ಣಗೆನಿಸುತ್ತದೆ ಎಂದು ಕೇಳಿ, ನಳಿಕೆಯನ್ನು ಒಂದಿಷ್ಟು ಹೊರಕ್ಕೆ ಎಳೆದು, ಬಲಮಗ್ಗುಲಿಗೆ ಮಲಗಿಸಿ ಮತ್ತೊಂದು ಪ್ರಮಾಣ ಕೊಟ್ಟರು. ಅದರ ನಂತರ ಬೇನೆಯೆಂದರೆ ಹೊಟ್ಟೆ ಬಿಗಿಯಾಗುವ ಅನುಭವ ಮಾತ್ರ. ನಾನು ನಿದ್ದೆ ಮಾಡಿದೆ. ಉಸಿರಾಟವಾಗಲಿ ಗ್ಯಾಸಾಗಲಿ ಇದರ ಹತ್ತಿರಕ್ಕೂ ಬರಲಾರವು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಮೂರರಲ್ಲಿ ಹೆಚ್ಚಿನದು. ಮಂಚ ಬಿಟ್ಟು ಏಳುವಂತಿರಲಿಲ್ಲ, ಮೂತ್ರಕ್ಕೆ ನಳಿಕೆ ಹಾಕಬೇಕಾಯಿತು, ಮೈ ತುರಿಸಿತು, ಚಳಿಯಂತೆ ನಡುಕ ಬಂತು. ಗರ್ಭಕೋಶದ ಬಾಯಿ ಪೂರ್ತಿ ತೆರೆದ ಮೇಲೂ ಮುಕ್ಕಬೇಕೆಂಬ ಒತ್ತಡ ನನಗೆ ಬರಲೇ ಇಲ್ಲ. ಮಗುವಿನ ಎದೆಬಡಿತ ಚೆನ್ನಾಗಿದ್ದುದರಿಂದ ತಲೆ ತಾನಾಗಿ ಕೆಳಗಿಳಿಯಲೆಂದು ಸುಮಾರು ಒಂದು ಗಂಟೆ ಕಾದರು, ಆಮೇಲೆ ಸಿಸ್ಟರ್ ಹೊಟ್ಟೆ ಮುಟ್ಟಿ ಹೇಳಿದಾಗಲೆಲ್ಲ ಮುಕ್ಕಿದೆ. ಈ ಹಂತ ಎಪಿಡ್ಯೂರಲ್‌ನಲ್ಲಿ ಉದ್ದವಾಗುವುದು ನಿಜ. ಹಿಂದೆ ಬಳಸುತ್ತಿದ್ದ ಗಾಢ ಔಷಧದಲ್ಲಿ ವ್ಯಾಕ್ಯೂಮ್, ಫೋರ್ಸೆಪ್ಸ್ ಬಳಸುವ ಸಂದರ್ಭಗಳೂ ಹೆಚ್ಚಿದ್ದವು, ಈಗಿನ ತೆಳು ಔಷಧದಲ್ಲಿ ಆ ವ್ಯತ್ಯಾಸ ಬಹಳ ತಗ್ಗಿದೆ. ಸಿಸೇರಿಯನ್ ಸಾಧ್ಯತೆಯನ್ನು ಎಪಿಡ್ಯೂರಲ್ ಹೆಚ್ಚಿಸುವುದಿಲ್ಲ.

ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಜೀವನವಿಡೀ ಸೊಂಟನೋವು ಎಂಬ ಮಾತು ನಮ್ಮ ಮನೆಯಲ್ಲೂ ಬಂತು. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ಆದರೆ ಬಹುಕಾಲದ ಸೊಂಟನೋವಿಗೆ ಎಪಿಡ್ಯೂರಲ್ ಕಾರಣವೆಂಬುದಕ್ಕೆ ಅಧ್ಯಯನಗಳು ಆಧಾರ ಕೊಟ್ಟಿಲ್ಲ. ಬಾಣಂತನದಲ್ಲಿ ನಿಜವಾಗಿ ಎಚ್ಚರವಾಗಿರಬೇಕಾದುದು ಬೇರೆಯದಕ್ಕೆ. ಕುಳಿತರೆ ತಲೆ ಸಿಡಿಯುವಂತಾಗಿ ಮಲಗಿದರೆ ಇಳಿಯುವ ತಲೆನೋವು ಸುಮಾರು ನೂರರಲ್ಲಿ ಒಬ್ಬರಿಗೆ ಬರುತ್ತದೆ. ಸೂಜಿ ಬೆನ್ನುಹುರಿಯ ಪೊರೆಯನ್ನು ಚುಚ್ಚಿದಾಗ ಹೀಗಾಗುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಅದನ್ನು ಗಾಳಿ ಸೋಕಿದ್ದೆಂದು ತಲೆಗೆ ಬಟ್ಟೆ ಕಟ್ಟಿ ಮಲಗಿಸುವ ಬದಲು ಅರಿವಳಿಕೆ ತಜ್ಞರಿಗೆ ತಿಳಿಸಬೇಕು. ಕಾಲಿನ ಶಕ್ತಿ ಮರಳದಿದ್ದರೆ ಅಥವಾ ಬೆನ್ನುನೋವಿನ ಜೊತೆ ಜ್ವರ ಬಂದರೆ ಒಂದು ಗಳಿಗೆಯೂ ಕಾಯಬಾರದು.

ಬೇನೆ ತಾನಾಗಿ ಬಂದು, ಜೊತೆಗೆ ಅನುಭವಸ್ಥರೊಬ್ಬರಿದ್ದರೆ ನಾನು ಮತ್ತೆ ಉಸಿರು ಮತ್ತು ಗ್ಯಾಸನ್ನೇ ಆರಿಸುತ್ತೇನೆ. ಡ್ರಿಪ್ ಹಾಕಿ ಬೇನೆ ಬರಿಸುವುದಾದರೆ, ಅಥವಾ ರಕ್ತದೊತ್ತಡವಿದ್ದರೆ, ಎಪಿಡ್ಯೂರಲ್. ಇದನ್ನು ಬಯಸುವವರು, ಅದರಲ್ಲೂ ಜಗಳೂರು, ಹೊಳಲ್ಕೆರೆ ಕಡೆಯಿಂದ ಬರುವವರು, ಆಸ್ಪತ್ರೆಯಲ್ಲಿ ಎಪಿಡ್ಯೂರಲ್ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ರಾತ್ರಿ ಹೊತ್ತಿನಲ್ಲೂ ಅರಿವಳಿಕೆ ತಜ್ಞರು ಆಸ್ಪತ್ರೆಯಲ್ಲೇ ಇರುತ್ತಾರೆಯೇ ಅಥವಾ ಕರೆದರೆ ಬರುತ್ತಾರೆಯೇ, ಹಾಕಿದ ಮೇಲೆ ಹೆರಿಗೆಯಾಗುವವರೆಗೆ ಯಾರು ನೋಡಿಕೊಳ್ಳುತ್ತಾರೆ, ಅದರ ಖರ್ಚು ಹೆರಿಗೆಯ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಎಂಟನೆಯ ತಿಂಗಳಲ್ಲೇ ಕೇಳಬೇಕು. ಎರಡನೆಯ ಹೆರಿಗೆಯವರಾದರೆ, ಬೇನೆ ಬೇಗ ಸಾಗುವುದರಿಂದ, ಆಸ್ಪತ್ರೆಗೆ ಸೇರಿದ ಕೂಡಲೇ ಹೇಳಿಬಿಡುವುದು ಮೇಲು. ಎಪಿಡ್ಯೂರಲ್‌ಗೆ ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆಯುವವರೆಗೆ ಕಾಯಲೇಬೇಕೆಂಬ ಹಳೆಯ ನಿಯಮ ಈಗಿಲ್ಲ.