ಮರ, ಬಿದಿರು, ಪ್ಲಾಸ್ಟಿಕ್: ಕರಾವಳಿಯ ಮಳೆಗಾಲಕ್ಕೆ ಯಾವ ಕಟಿಂಗ್ ಬೋರ್ಡ್?

ಅಂಗಡಿಯಲ್ಲಿ ಮೂರನ್ನೂ ಸಾಲಾಗಿ ಇಟ್ಟರೆ ಕಣ್ಣಿಗೆ ಬೀಳುವುದು ಬಿದಿರಿನದ್ದೇ. ಹಗುರ, ನುಣುಪು, ಬೆಲೆಯೂ ಕೈಗೆಟುಕುವಂಥದ್ದು. ಆದರೆ ಅದೇ ಚಾಕುವನ್ನು ಮೂರರ ಮೇಲೂ ಆಡಿಸಿ ನೋಡಿದರೆ ಮೊದಲು ಸೋಲುವುದೂ ಅದೇ.

ಪರೀಕ್ಷೆ ಸುಲಭ. ಚಾಕುವನ್ನು 1000 ಗ್ರಿಟ್ ಸಾಣೆಕಲ್ಲಿನಲ್ಲಿ ಹದ ಮಾಡಿ, ಹಿಡಿದ ದಿನಪತ್ರಿಕೆಯ ಹಾಳೆ ಅಂಚಿನಿಂದ ಸರಾಗ ಸೀಳುವಂತೆ ಮಾಡಿಕೊಳ್ಳಿ. ಒಂದು ಹಲಗೆಯ ಮೇಲೆ ಒಂದಷ್ಟು ಬೀನ್ಸ್, ಈರುಳ್ಳಿ ಹೆಚ್ಚಿ, ಮತ್ತೆ ಹಾಳೆ ಸೀಳಿ ನೋಡಿ. ಮುಂದಿನ ಹಲಗೆಗೆ ಹೋಗುವ ಮೊದಲು ಮತ್ತೆ ಅಷ್ಟೇ ಹದ ಮಾಡಿ. ಆಮೇಲೆ ಅಲಗನ್ನು ಮೇಲ್ಮುಖ ಮಾಡಿ ಬಲ್ಬಿನ ಕೆಳಗೆ ಹಿಡಿಯಿರಿ. ಹರಿತ ಇರುವ ಅಂಚು ಬೆಳಕನ್ನು ತಿರುಗಿಸುವುದಿಲ್ಲ, ಮೊಂಡಾದ ಜಾಗ ಬಿಳಿ ಗೆರೆಯಾಗಿ ಹೊಳೆಯುತ್ತದೆ. ಬಿದಿರಿನ ಮೇಲೆ ಆಡಿಸಿದ ಚಾಕುವಿನಲ್ಲಿ, ಹಲಗೆಗೆ ಹೆಚ್ಚು ತಾಗುವ ಬಾಗಿದ ಭಾಗದಲ್ಲಿ ಈ ಹೊಳಪು ಬೇಗ ಕಾಣಿಸಿಕೊಳ್ಳುತ್ತದೆ. ಹಾಳೆ ಅಲ್ಲಿಯೇ ತಡೆದು ಹರಿಯುತ್ತದೆ.

ಕಾರಣ ಬಿದಿರಿನ ಒಳಗೇ ಇದೆ. ಅದು ಹುಲ್ಲಿನ ಜಾತಿ, ನಾರಿನಲ್ಲಿ ಸಿಲಿಕಾ ಇರುತ್ತದೆ, ಗಿಣ್ಣುಗಳು ಇನ್ನೂ ಗಟ್ಟಿ. ಜೊತೆಗೆ ಬಿದಿರಿನ ಬೋರ್ಡ್ ಒಂದೇ ತುಂಡಲ್ಲ, ಸಣ್ಣ ಪಟ್ಟಿಗಳನ್ನು ಅಂಟಿನಿಂದ ಒತ್ತಿ ಕೂಡಿಸಿದ್ದು. ಚಾಕು ಪ್ರತಿ ಏಟಿಗೂ ಗಟ್ಟಿಯಾದ ಅಂಟಿನ ಗೆರೆಗಳಿಗೂ ತಾಗುತ್ತದೆ. ಬಿದಿರು ಮರಕ್ಕಿಂತ ನೀರು ಕಡಿಮೆ ಹೀರುತ್ತದೆ ಎಂಬುದು ಒಂದು ಮಟ್ಟಿಗೆ ನಿಜ. ಆದರೆ ಅದರಲ್ಲಿ ಪಿಷ್ಟ ಹೆಚ್ಚು, ಹಾಗಾಗಿ ಜುಲೈ ತಿಂಗಳ ತೇವದಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು ಬೇಗ ಬರುತ್ತವೆ, ಪಟ್ಟಿಗಳ ನಡುವಿನ ಸಂದು ಬಿಟ್ಟುಕೊಳ್ಳುತ್ತದೆ. ಬ್ರೆಡ್ ಕೊಯ್ಯಲು, ಹಣ್ಣು ಹೆಚ್ಚಲು ಸಾಕು. ದಿನದ ಅಡುಗೆಗೆ ಬೇಡ.

ಪ್ಲಾಸ್ಟಿಕ್‌ನ ಕಥೆ ಬೇರೆ. ಬಿಳಿಯ ದಪ್ಪ ಬೋರ್ಡ್‌ಗಳು ಸಾಮಾನ್ಯವಾಗಿ ಎಚ್‌ಡಿಪಿಇ, ಅಂದರೆ ಗಡುಸು ಪಾಲಿಥೀನ್. ಅದು ಮೆದು, ಹಾಗಾಗಿ ನೇರ ಏಟಿಗೆ ಅಲಗು ಮೊಂಡಾಗುವುದು ಬಿದಿರಿನಷ್ಟಿಲ್ಲ. ತೊಂದರೆ ಬರುವುದು ಅಲಗು ಅದರೊಳಗೆ ಕಚ್ಚಿಕೊಂಡಾಗ. ಕಚ್ಚಿಕೊಂಡ ಚಾಕುವನ್ನು ಅಡ್ಡಕ್ಕೆ ಹೊರಳಿಸಿದರೆ ಅಂಚು ಒಂದು ಬದಿಗೆ ಮಡಚಿಕೊಳ್ಳುತ್ತದೆ. ಹೆಚ್ಚಿದ ತರಕಾರಿಯನ್ನು ಅಲಗಿನಿಂದಲೇ ಗೋರುವ ಅಭ್ಯಾಸ ಇದ್ದವರ ಚಾಕು ಬೇಗ ಹಾಳಾಗುವುದು ಹೀಗೆ. ಗೋರುವಾಗ ಚಾಕು ತಿರುಗಿಸಿ ಬೆನ್ನಿನಿಂದ ಗೋರಿ, ಯಾವ ಹಲಗೆಯಾದರೂ ಸರಿ.

ಅಲಗಿಗೆ ಒಳ್ಳೆಯದು ಮರವೇ. ನಮ್ಮ ಕಡೆ ಸಿಗುವುದರಲ್ಲಿ ಹಲಸು ಮತ್ತು ಸಾಗುವಾನಿ ಎರಡೂ ನಡೆಯುತ್ತವೆ. ಸಾಗುವಾನಿಯಲ್ಲೂ ಸಿಲಿಕಾ ಇದೆ, ಅಲಗಿನ ಲೆಕ್ಕದಲ್ಲಿ ಹಲಸಿಗೇ ಮೊದಲ ಸ್ಥಾನ. ಆದರೆ ಸಾಗುವಾನಿಯ ಸಹಜ ಎಣ್ಣೆ ನೀರನ್ನು ತಡೆಯುತ್ತದೆ, ಮಳೆಗಾಲದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಆಚಾರಿಯ ಹತ್ತಿರ ಮಾಡಿಸುವುದಾದರೆ ಪೂರ್ತಿ ಒಣಗಿದ ಕೆಚ್ಚಿನ ತುಂಡನ್ನೇ ಕೇಳಿ. ಹೊರಗಿನ ಬಿಳಿ ಭಾಗ ಹುಳ ಹಿಡಿಯುತ್ತದೆ, ತಿರುಳಿನ ನಟ್ಟನಡುವಿನದು ಸೀಳುತ್ತದೆ. ಒಂದೂವರೆ ಇಂಚು ದಪ್ಪ, ಹತ್ತು ಇಂಚು ಅಗಲ, ಹದಿನೈದು ಇಂಚು ಉದ್ದ ಸಾಕು. ತುಂಡಿನ ತುದಿ ನೋಡಿ: ಬೆಳವಣಿಗೆಯ ಗೆರೆಗಳು ನೆಟ್ಟಗೆ ನಿಂತಂತಿರಬೇಕು, ಮಲಗಿದಂತಿರಬಾರದು. ಮರ ಗೆರೆಯ ಸುತ್ತಿನ ದಿಕ್ಕಿನಲ್ಲಿ, ಗೆರೆಗೆ ಅಡ್ಡದ ದಿಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗಿ ಕುಗ್ಗುತ್ತದೆ. ಗೆರೆ ಮಲಗಿದ್ದರೆ ಜೂನ್ ಬರುವಷ್ಟರಲ್ಲಿ ಹಲಗೆ ದೋಣಿಯಂತೆ ಬಾಗುತ್ತದೆ.

ಸ್ವಚ್ಛತೆಯ ವಿಷಯಕ್ಕೆ ಬಂದರೆ, "ಮರ ಗಲೀಜು, ಪ್ಲಾಸ್ಟಿಕ್ ಶುದ್ಧ" ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅಮೆರಿಕದಲ್ಲಿ ಡೀನ್ ಕ್ಲೈವರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಕ್ಕೆ ಇಳಿದು ಮೇಲ್ಮೈಯಿಂದ ಮತ್ತೆ ಸಿಗುವುದು ಬಹಳ ಕಡಿಮೆಯಾಯಿತು. ಹೊಸ ಪ್ಲಾಸ್ಟಿಕ್ ಸುಲಭವಾಗಿ ಶುದ್ಧವಾಯಿತು. ಆದರೆ ಚಾಕುವಿನ ಗೀರು ಬಿದ್ದು ಕೊಬ್ಬು ಅಂಟಿದ ಪ್ಲಾಸ್ಟಿಕ್ ಅನ್ನು ಕೈಯಿಂದ ತೊಳೆದು ಶುದ್ಧ ಮಾಡುವುದು ಕಷ್ಟವಾಯಿತು. ಅಂದರೆ ಪ್ಲಾಸ್ಟಿಕ್‌ನ ಗುಣ ಅದರ ಗೀರುಗಳ ಮೇಲೆ ನಿಂತಿದೆ. ಮರದ ಗುಣ ನಿಂತಿರುವುದು ಅದು ಒಣಗುತ್ತದೆಯೇ ಎಂಬುದರ ಮೇಲೆ, ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ದೊಡ್ಡ ಕೆಲಸ.

ಹಾಗಾಗಿ ಮೀನು ತಿನ್ನುವ ಮನೆಗೆ ಒಂದೇ ಬೋರ್ಡ್ ಸಾಲದು. ಬಂಗಡೆ, ಶೆಟ್ಲಿಗೆ ಪ್ಲಾಸ್ಟಿಕ್, ತರಕಾರಿ, ಕೊತ್ತಂಬರಿಗೆ ಮರ. ಮೀನು ಕೊಯ್ದ ಮೇಲೆ ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ನೇರ ಬಿಸಿನೀರು ಸುರಿದರೆ ರಕ್ತ, ಲೋಳೆಯ ಪ್ರೋಟೀನ್ ಬೆಂದು ಗೀರುಗಳಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಸಾಬೂನು ಹಾಕಿ ಗಟ್ಟಿ ಬ್ರಷ್‌ನಿಂದ ಎರಡೂ ದಿಕ್ಕಿಗೆ ಉಜ್ಜಿ, ಆಮೇಲೆ ಬಿಸಿನೀರು. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚದಷ್ಟು ಸುವಾಸನೆ ಇಲ್ಲದ ದ್ರವ ಬ್ಲೀಚ್ ಬೆರೆಸಿ, ಬೋರ್ಡ್ ಮೇಲೆ ಕೆಲವು ನಿಮಿಷ ನಿಲ್ಲಿಸಿ ತೊಳೆಯಿರಿ. ಸಾಬೂನಿನಿಂದ ತೊಳೆಯದೆ ಬ್ಲೀಚ್ ಹಾಕಿದರೆ ಅದರ ಶಕ್ತಿಯೆಲ್ಲ ಕೊಳೆಯಲ್ಲೇ ಮುಗಿಯುತ್ತದೆ. ಮೀನಿನ ವಾಸನೆಗೆ ಲಿಂಬೆ ಅಥವಾ ಹುಣಸೆಹುಳಿ ಉಜ್ಜುವುದು ಸರಿಯೇ, ವಾಸನೆಯ ಅಮೀನುಗಳು ಕ್ಷಾರ, ಹುಳಿ ಅದನ್ನು ಅಡಗಿಸುತ್ತದೆ. ಆದರೆ ಬ್ಲೀಚ್ ಮಾಡುವ ದಿನ ಹುಳಿ ಬೇಡವೇ ಬೇಡ, ಎರಡೂ ಸೇರಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಇಸ್ವಣದ ಮೂಳೆ, ತಲೆ ಕಡಿಯಲು ಮಾತ್ರ ಈ ಬೋರ್ಡ್ ಬಳಸಬೇಡಿ. ಆ ಏಟಿಗೆ ಬೀಳುವ ಗೀರಿಗೆ ಬ್ರಷ್ ಇಳಿಯುವುದಿಲ್ಲ. ಅದನ್ನು ಮೀನು ಮಾರುವವರ ಬಳಿಯೇ ಕಡಿಸಿಕೊಂಡು ಬರುವುದು ಒಳ್ಳೆಯದು. ಉಗುರು ಎಳೆದಾಗ ಗೀರಿಗೆ ಸಿಕ್ಕಿಕೊಳ್ಳುತ್ತಿದ್ದರೆ, ಅಥವಾ ಉಜ್ಜಿದರೂ ಗೀರಿನ ತಳದ ಕಪ್ಪು ಹೋಗದಿದ್ದರೆ ಬೋರ್ಡ್ ಬದಲಿಸುವ ಹೊತ್ತು ಬಂತು. ಬರೀ ಅರಿಶಿನದ ಹಳದಿ ಕಲೆಗೆ ಹೆದರಬೇಡಿ, ಬಿಸಿಲು ಬಂದಾಗ ಅದು ತಾನೇ ಮಾಸುತ್ತದೆ.

ಮರದ ಹಲಗೆಗೆ ಎರಡೇ ನಿಯಮ. ನೀರಿನಲ್ಲಿ ನೆನೆಹಾಕಬೇಡಿ, ತೊಳೆಯುವಾಗ ಎರಡೂ ಮುಖ ಒದ್ದೆ ಮಾಡಿ. ಒಂದೇ ಮುಖ ನೆನೆದರೆ ಆ ಕಡೆ ಹಿಗ್ಗಿ ಬಾಗುತ್ತದೆ. ತಕ್ಷಣ ಒರೆಸಿ, ಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಿ. ಕಟ್ಟೆಯ ಮೇಲೆ ಮಲಗಿಸಿದರೆ ಕೆಳಮುಖ ಬೆಳಗಿನವರೆಗೂ ಒಣಗುವುದಿಲ್ಲ. ಒಲೆಯ ಹತ್ತಿರ ಇಟ್ಟು ಒಣಗಿಸಬೇಡಿ, ತುದಿ ಸೀಳುತ್ತದೆ, ಫ್ಯಾನ್ ಗಾಳಿ ಸಾಕು.

ಎಣ್ಣೆಗೆ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು. ಶಿರಸಿ ಕಡೆಯವರಿಗೆ ಜೇನುಮೇಣ ಸಿಗುವುದೇನೂ ಕಷ್ಟವಲ್ಲ: ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಮೇಣ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಬೆಚ್ಚಗಿರುವಾಗಲೇ ಪೂರ್ತಿ ಒಣಗಿದ ಹಲಗೆಗೆ ಹಚ್ಚಿ. ಮರುದಿನ ಉಳಿದದ್ದನ್ನು ಬಟ್ಟೆಯಿಂದ ಒರೆಸಿ. ತುದಿಗಳಿಗೆ ಎರಡು ಸಲ ಹಚ್ಚಬೇಕು, ನೀರು ಹೆಚ್ಚು ಹೀರುವುದು ಅಲ್ಲೇ. ತೆಂಗಿನೆಣ್ಣೆ ತಕ್ಕಮಟ್ಟಿಗೆ ನಡೆಯುತ್ತದೆ. ಶೇಂಗಾ, ಸೂರ್ಯಕಾಂತಿ ಎಣ್ಣೆ ಬೇಡ, ಅಂಟಂಟಾಗಿ ಕಮಟು ವಾಸನೆ ಹಿಡಿಯುತ್ತದೆ. ನೀರಿನ ಹನಿ ಮೇಲೆ ಗುಂಡಾಗಿ ನಿಲ್ಲದೆ ಹರಡಿ ಒಳಗಿಳಿಯಲು ಶುರುವಾದಾಗ ಮತ್ತೆ ಹಚ್ಚಿ.

ಸಸ್ಯಾಹಾರಿ ಮನೆಯಾದರೆ ಪ್ಲಾಸ್ಟಿಕ್ ಬೇಕಿಲ್ಲ, ಹಲಸಿನ ಹಲಗೆ ಒಂದೇ ಸಾಕು. ಎಳೆ ಹಲಸು, ಬಾಳೆಕಾಯಿ ಹೆಚ್ಚುವ ದಿನ ಮೊದಲೇ ಹಲಗೆಗೂ ಅಲಗಿಗೂ ತೆಂಗಿನೆಣ್ಣೆ ಸವರಿ, ಮೇಣ ಅಂಟುವುದಿಲ್ಲ. ಗೀರು ಹೆಚ್ಚಾದರೆ ಆಚಾರಿಯಿಂದ ಉಜ್ಜುಗೊರಡು ಹಾಕಿಸಿ ಮತ್ತೆ ಎಣ್ಣೆ ಹಚ್ಚಿ. ಎರಡೂ ಮುಖದಿಂದ ಅಷ್ಟಷ್ಟೇ ತೆಗೆಯಲು ಹೇಳಿ, ಒಂದೇ ಮುಖ ಉಜ್ಜಿಸಿದ ಹಲಗೆ ಮುಂದಿನ ಮಳೆಗೆ ಬಾಗಬಹುದು.