೪೦೦ ಅನ್ನು 800 ಎಂದು ಓದಿದೆ: ಎರಡು ಬಗೆಯ ಅಂಕಿಗಳಿರುವ ಲೆಕ್ಕದ ಪುಸ್ತಕ ನೋಡುವವರಿಗೆ ಒಂದು ಎಚ್ಚರಿಕೆ

ಕೈಬರಹದ ನಗದು ಪುಸ್ತಕದ ಒಂದೇ ಮೊಬಲಗು ಕಲಮಿನಲ್ಲಿ ಕನ್ನಡ ಅಂಕಿಗಳೂ ಇಂಗ್ಲಿಷ್ ಅಂಕಿಗಳೂ ಬೆರೆತಿದ್ದರೆ, ಅದನ್ನು ಕೂಡಿಸಲು ಕುಳಿತುಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ. ಇಂತಹ ಒಂದು ಪುಟವನ್ನು ನಾನು ಅವಸರದಲ್ಲಿ ಓದಿದ್ದರಿಂದ, ಹಲವು ವರ್ಷ ಒಂದು ಸಣ್ಣ ಸಂಘದ ಹಣವನ್ನು ಪೈಸೆ ತಪ್ಪದಂತೆ ಕಾಯ್ದಿದ್ದ ಹಿರಿಯರೊಬ್ಬರು ನಾನು ಹೇಳಿದ ಕೊರತೆಯನ್ನು ತಮ್ಮ ಕೈಯಿಂದ ತುಂಬಿಕೊಡಬೇಕಾಯಿತು. ಅವರ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ನನ್ನ ಓದಿನಲ್ಲಿ.

ಸಂಘದ ಖಜಾಂಚಿಯ ಹೊಣೆಯನ್ನು ಅವರಿಂದ ನಾನು ವಹಿಸಿಕೊಳ್ಳುವಾಗ ಕೊನೆಯ ಪುಟದ ಮೊತ್ತವನ್ನು ಇನ್ನೂ ಹಾಕಿರಲಿಲ್ಲ. ಆ ಪುಟದಲ್ಲಿ ಏಳು ಜಮೆಗಳಿದ್ದವು. ಹಿರಿಯರು ತಾವು ಬರೆದ ಕಡೆಯಲ್ಲೆಲ್ಲ ಕನ್ನಡ ಅಂಕಿಗಳನ್ನು ಬಳಸಿದ್ದರು. ಅವರಿಲ್ಲದ ದಿನಗಳಲ್ಲಿ ಪುಸ್ತಕ ಬರೆಯುತ್ತಿದ್ದ ಹುಡುಗ ಇಂಗ್ಲಿಷ್ ಅಂಕಿಗಳನ್ನು ಬಳಸಿದ್ದ. ಇಬ್ಬರೂ ಬಳಸಿದ್ದು ಒಂದೇ ನೀಲಿ ಪೆನ್ನು. ಮೇಲಿನಿಂದ ಕೆಳಗೆ ಆ ಜಮೆಗಳು ಹೀಗಿದ್ದವು: ೪೦೦, 250, 800, ೧೧೦, 375, ೪೫೦, 700. ಇವನ್ನು ಕೂಡಿಸಿದರೆ 3,085 ರೂಪಾಯಿ ಬರುತ್ತದೆ, ಮತ್ತು ಅವರು ನನಗೆ ಎಣಿಸಿಕೊಟ್ಟ ಶಿಲ್ಕು ಕೂಡ ಸರಿಯಾಗಿ ಅಷ್ಟೇ ಇತ್ತು. ಆದರೆ ನಾನು ಮೊದಲ ಸಾಲನ್ನು 800 ಎಂದೂ ನಾಲ್ಕನೆಯ ಸಾಲನ್ನು 100 ಎಂದೂ ಓದಿ, 3,475 ರೂಪಾಯಿ ಇರಬೇಕಿತ್ತು ಎಂಬ ತೀರ್ಮಾನಕ್ಕೆ ಬಂದೆ. 390 ರೂಪಾಯಿ ಕಡಿಮೆ ಬಿದ್ದಿದೆ ಎಂದು ಅವರಿಗೆ ಹೇಳಿದೆ. ಅವರು ಪುಸ್ತಕವನ್ನು ಕೇಳಲೂ ಇಲ್ಲ. "ಲೆಕ್ಕ ನನ್ನ ಕಾಲದ್ದು, ಕಡಿಮೆ ಬಿದ್ದಿದ್ದರೆ ನಾನೇ ತುಂಬಬೇಕು" ಎಂದು ಹೇಳಿ ಮರುದಿನ ಬೆಳಿಗ್ಗೆ ಹಣ ತಂದುಕೊಟ್ಟರು. ನಿಜ ತಿಳಿದದ್ದು ಮೂರು ವಾರಗಳ ಮೇಲೆ, ರಸೀದಿ ಪುಸ್ತಕದಲ್ಲಿ ಉಳಿದಿದ್ದ ಪ್ರತಿಯ ಮೇಲೆ "ನಾನೂರು ರೂಪಾಯಿ ಮಾತ್ರ" ಎಂಬ ಅವರದೇ ಅಕ್ಷರಗಳು ಕಣ್ಣಿಗೆ ಬಿದ್ದಾಗ.

ಹಣವನ್ನು ಹಿಂದಿರುಗಿಸಿ ಕ್ಷಮೆ ಕೇಳಿದೆ. ಆಮೇಲೆ ಆ ಪುಟವನ್ನು ಮುಂದಿಟ್ಟುಕೊಂಡು ನನ್ನ ಕಣ್ಣು ಎಲ್ಲಿ ಎಡವಿತು ಎಂದು ಸಾವಧಾನವಾಗಿ ನೋಡಿದಾಗ ತಿಳಿದುಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನ್ನಡದ ೪ ಅನ್ನು ಬರೆಯುವಾಗ ಪೆನ್ನು ಮೇಲಿನಿಂದ ಇಳಿದು, ಕೆಳಗೆ ಒಂದು ಕುಣಿಕೆ ಹಾಕಿ, ತನ್ನ ದಾರಿಯನ್ನು ತಾನೇ ದಾಟಿ ಮತ್ತೆ ಮೇಲಕ್ಕೆ ಏರುತ್ತದೆ. ಹೀಗಾಗಿ ಅದರ ಎರಡು ತುದಿಗಳೂ ಮೇಲ್ಗಡೆ ಬಿಡಿಯಾಗಿ ಉಳಿಯುತ್ತವೆ. ಬೇಗ ಬರೆಯುವ ಕೈಯಲ್ಲಿ ಆ ಎರಡು ತುದಿಗಳು ಒಂದಕ್ಕೊಂದು ತಾಗಿದವೆಂದರೆ ಅದು ಇಂಗ್ಲಿಷಿನ 8 ಆಗಿ ಕಾಣಿಸುತ್ತದೆ. ಇದರ ತಿರುವುಮುರುವೂ ನಡೆಯುತ್ತದೆ: 8 ಅನ್ನು ಬರೆದವರು ಮೇಲಿನ ಸುತ್ತನ್ನು ಪೂರ್ತಿ ಮುಚ್ಚದೆ ಬಿಟ್ಟರೆ, ಕನ್ನಡ ಅಂಕಿಗೆ ಒಗ್ಗಿದ ಕಣ್ಣು ಅದನ್ನು ನಾಲ್ಕು ಎಂದೇ ಓದುತ್ತದೆ. ೧ ರ ತೊಂದರೆ ಬೇರೆ ಬಗೆಯದು. ಅದು ಕೆಳಗೆ ಬಾಯಿ ತೆರೆದ ಸುತ್ತು. ಬಾಯಿ ಮುಚ್ಚಿಕೊಂಡರೆ ಸೊನ್ನೆಯಾಗುತ್ತದೆ. ಹಿರಿಯರ ೧೧೦ ರಲ್ಲಿ ಮೊದಲ ೧ ಚೆನ್ನಾಗಿ ತೆರೆದುಕೊಂಡಿತ್ತು, ಎರಡನೆಯದು ಮುಂದಿನ ಸೊನ್ನೆಗೆ ಅಂಟಿಕೊಂಡು ಮುಚ್ಚಿಹೋಗಿತ್ತು. 2 ಮತ್ತು ೨ ಕೂಡ ಒಂದನ್ನೊಂದು ಹೋಲುತ್ತವೆ, ಆದರೆ ಬೆಲೆ ಒಂದೇ ಆಗಿರುವುದರಿಂದ ಅಲ್ಲಿ ಅಪಾಯವಿಲ್ಲ.

ಇವೆರಡರಲ್ಲಿ ೪ ಮತ್ತು 8 ರ ಜೋಡಿಗೇ ನಾನು ಹೆಚ್ಚು ಹೆದರುತ್ತೇನೆ. ಮೊಬಲಗು ಸೊನ್ನೆಯಿಂದ ಆರಂಭವಾಗುವುದಿಲ್ಲವಾದ್ದರಿಂದ ಮೊದಲ ಸ್ಥಾನದಲ್ಲಿರುವ ೧ ಮುಚ್ಚಿಹೋಗಿದ್ದರೂ ಅದು ಸೊನ್ನೆಯಲ್ಲ ಎಂದು ಗೊತ್ತಾಗುತ್ತದೆ. ಗೊಂದಲವೇನಿದ್ದರೂ ನಡುವಿನ ಮತ್ತು ಕೊನೆಯ ಸ್ಥಾನಗಳಿಗೆ ಸೀಮಿತ. ನಾಲ್ಕು ಎಂಟುಗಳಿಗೆ ಅಂತಹ ಕಾವಲು ಯಾವ ಸ್ಥಾನದಲ್ಲೂ ಇಲ್ಲ, ಮತ್ತು ಮೊದಲ ಸ್ಥಾನದಲ್ಲಿ ತಪ್ಪಿದರೆ ಮೊತ್ತ ಒಮ್ಮೆಗೇ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ.

ಒಂದು ಸಂಖ್ಯೆಯಲ್ಲಿ ಯಾವ ಅಂಕಿಗಳನ್ನು ಬಳಸಲಾಗಿದೆ ಎಂದು ತಿಳಿಯಲು ಅನುಮಾನದ ಅಂಕಿಯನ್ನೇ ದಿಟ್ಟಿಸುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಅದರ ಪಕ್ಕದ ಅಂಕಿಗಳನ್ನು ನೋಡಬೇಕು. ಇಂಗ್ಲಿಷಿನ 1, 4, 5, 7 ಇವುಗಳಲ್ಲಿ ನೇರ ಗೆರೆಯೋ ಮೂಲೆಯೋ ಇರುತ್ತದೆ. ಕನ್ನಡ ಅಂಕಿಗಳೆಲ್ಲವೂ ಬಾಗಿದ ಗೆರೆಗಳಿಂದಲೇ ಆದವು. ಆದ್ದರಿಂದ 375 ರಲ್ಲಿ 7 ಕಂಡ ಕೂಡಲೇ ಅದು ಇಂಗ್ಲಿಷ್ ಎಂದು ನಿಶ್ಚಯವಾಗುತ್ತದೆ, ೪೫೦ ರಲ್ಲಿ ೫ ಕಂಡ ಕೂಡಲೇ ಅದು ಕನ್ನಡ ಎಂದು ನಿಶ್ಚಯವಾಗುತ್ತದೆ. ಆ ಪುಟದ ೪೫೦ ರಲ್ಲಿಯೂ ನಾಲ್ಕರ ತುದಿಗಳು ತಾಗಿಕೊಂಡಿದ್ದವು, ಆದರೂ ಪಕ್ಕದ ೫ ನನ್ನನ್ನು ದಾರಿ ತಪ್ಪಲು ಬಿಡಲಿಲ್ಲ. ಈ ಸಹಾಯ ಸಿಗದಿರುವುದು ೪೦೦, 800 ರಂತಹ ಪೂರ್ಣ ನೂರುಗಳಲ್ಲಿ, ಏಕೆಂದರೆ ಸೊನ್ನೆ ಎರಡರಲ್ಲೂ ಒಂದೇ ಆಕಾರದ್ದಾಗಿದ್ದು ತಾನು ಯಾವ ಕಡೆಯದೆಂದು ಹೇಳುವುದಿಲ್ಲ. ವಂತಿಗೆ, ಚಂದಾ, ಮುಂಗಡ ಇವೆಲ್ಲ ಹೆಚ್ಚಾಗಿ ಪೂರ್ಣ ನೂರುಗಳಲ್ಲೇ ಬರುವುದರಿಂದ, ಓದಲು ಅತ್ಯಂತ ಸುಲಭವೆಂದು ತೋರುವ ಸಾಲುಗಳೇ ನಿಜವಾಗಿ ಅತ್ಯಂತ ಅಪಾಯದ ಸಾಲುಗಳು. ಪಕ್ಕದ ಅಂಕಿಯ ಸಾಕ್ಷಿಗೂ ಒಂದು ಮಿತಿಯಿದೆ. ಅದೇ ಪುಸ್ತಕದ ಹಿಂದಿನ ಪುಟವೊಂದರಲ್ಲಿ ಹಿರಿಯರು ೪ ಅನ್ನು ಕನ್ನಡದಲ್ಲಿ ಬರೆದು, ಮುಂದಿನ 50 ಅನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಎರಡೂ ಕಲಿತವರ ಕೈ ಒಂದೇ ಸಂಖ್ಯೆಯೊಳಗೆ ಹೀಗೆ ದಾಟಿಬಿಡುವುದುಂಟು. ಅಲ್ಲಿ 5 ರ ಮಾತನ್ನು ನಂಬಿದರೆ 450 ಎಂಬುದು 850 ಆಗುತ್ತದೆ.

ಇಂತಹ ಕಡೆ ನನಗೆ ನೆರವಾದದ್ದು ಮೊಬಲಗಿನ ಕಲಂ ಅಲ್ಲ, ತಾರೀಖಿನ ಕಲಂ. ತಾರೀಖುಗಳೂ ರಸೀದಿ ಸಂಖ್ಯೆಗಳೂ ಕ್ರಮವಾಗಿ ಏರುತ್ತಾ ಹೋಗುವುದರಿಂದ ಅಲ್ಲಿರುವ ಪ್ರತಿಯೊಂದು ಅಂಕಿಯ ಬೆಲೆಯೂ ಹಿಂದುಮುಂದಿನ ಸಾಲುಗಳಿಂದ ಖಚಿತವಾಗಿ ತಿಳಿಯುತ್ತದೆ. ಹಿರಿಯರ ೪, ೧೧, ೧೪ ಮತ್ತು ಹುಡುಗನ 8, 18, 28 ನೇ ತಾರೀಖುಗಳನ್ನು ಹುಡುಕಿ, ಒಂದು ಕಾಗದದ ಮೇಲೆ ಅವುಗಳ ಆಕಾರವನ್ನು ಇದ್ದಂತೆಯೇ ನಕಲು ಮಾಡಿಕೊಂಡೆ. ಆಗ ಕಂಡದ್ದೇನೆಂದರೆ, ಹಿರಿಯರ ೪ ರಲ್ಲಿ ತುದಿಗಳು ತಾಗಿದ್ದರೂ ಅವುಗಳಲ್ಲೊಂದು ಇನ್ನೊಂದನ್ನು ದಾಟಿ ಕೂದಲೆಳೆಯಷ್ಟು ಹೊರಗೆ ಚಾಚಿಕೊಂಡಿರುತ್ತಿತ್ತು ಮತ್ತು ಕೆಳಗಿನ ಕುಣಿಕೆ ಮೇಲಿನ ಸುತ್ತಿಗಿಂತ ಚಿಕ್ಕದಾಗಿರುತ್ತಿತ್ತು. ಹುಡುಗನ 8 ರಲ್ಲಿ ಕೆಳಗಿನ ಸುತ್ತೇ ದೊಡ್ಡದು, ತುದಿಗಳು ಒಂದರೊಳಗೊಂದು ಮಾಯವಾಗಿದ್ದವು. ಇದು ಆ ಇಬ್ಬರ ಕೈಗಳ ಗುಣ ಮಾತ್ರ, ನಿಮ್ಮ ಪುಸ್ತಕದಲ್ಲಿ ಬೇರೆಯೇ ಇರಬಹುದು. ಆದ್ದರಿಂದ ನನ್ನ ಗುರುತುಗಳನ್ನು ತೆಗೆದುಕೊಳ್ಳದೆ, ನಿಮ್ಮ ಪುಸ್ತಕದ ತಾರೀಖುಗಳಿಂದಲೇ ನಮೂನೆ ಮಾಡಿಕೊಳ್ಳಿ. ಈ ನಮೂನೆಯ ಪಕ್ಕದಲ್ಲಿಟ್ಟು ನೋಡಿದಾಗ ಮೊದಲ ಸಾಲು 800 ಅಲ್ಲ ಎಂಬುದು ಭೂತಗನ್ನಡಿಯಿಲ್ಲದೆಯೂ ಕಾಣುತ್ತಿತ್ತು.

ಇನ್ನು ವ್ಯತ್ಯಾಸದ ಮೊಬಲಗೇ ಏನನ್ನು ಹೇಳುತ್ತಿತ್ತು ಎಂಬುದನ್ನೂ ನಾನು ಗಮನಿಸಬೇಕಿತ್ತು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು ಎಂದು ಲೆಕ್ಕ ಬರೆಯುವವರು ಹೇಳುತ್ತಾರೆ. 54 ಅನ್ನು 45 ಎಂದು ಬರೆದರೆ 9 ರ ವ್ಯತ್ಯಾಸ ಬರುವುದು ಹೀಗೆ. ನಾನು ಆ ಪರೀಕ್ಷೆಯನ್ನು ಮಾಡಿದೆ, 390 ಒಂಬತ್ತರಿಂದ ಭಾಗವಾಗಲಿಲ್ಲ, ಅಲ್ಲಿಗೆ ಹಣವೇ ಕಡಿಮೆಯೆಂದು ನಿರ್ಧರಿಸಿಬಿಟ್ಟೆ. ಆದರೆ ಒಂದು ಅಂಕಿಯನ್ನು ಇನ್ನೊಂದಾಗಿ ಓದಿದ ತಪ್ಪು ಆ ಪರೀಕ್ಷೆಗೆ ಸಾಮಾನ್ಯವಾಗಿ ಸಿಗುವುದೇ ಇಲ್ಲ. ನಾಲ್ಕು ಎಂಟರ ತಪ್ಪು 4, 40, 400, 4,000 ಹೀಗೆ ಕಾಣಿಸಿಕೊಳ್ಳುತ್ತದೆ. ಒಂದನ್ನು ಸೊನ್ನೆಯಾಗಿ ಓದಿದ ತಪ್ಪು 1, 10, 100 ಹೀಗೆ. ಎರಡೂ ಒಂದೇ ಪುಟದಲ್ಲಿ ಎದುರುಬದುರಾಗಿ ನಡೆದರೆ ಒಂದರಿಂದ ಇನ್ನೊಂದು ಕಳೆದುಹೋಗಿ ಗುರುತು ಸಿಗದ ಮೊಬಲಗು ಉಳಿಯುತ್ತದೆ. ನನ್ನ 390 ಎಂದರೆ 400 ರಲ್ಲಿ 10 ಕಳೆದದ್ದು.

ಮೊತ್ತ ತಾಳೆಯಾದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಅದೇ ಪುಟದಲ್ಲಿ ನಾನು ಹಿರಿಯರ ೪೦೦ ಅನ್ನು 800 ಎಂದೂ ಹುಡುಗನ 800 ಅನ್ನು 400 ಎಂದೂ ಓದಿದ್ದರೆ ಪುಟದ ಮೊತ್ತದಲ್ಲಿ ಒಂದು ರೂಪಾಯಿಯೂ ಹೆಚ್ಚುಕಡಿಮೆಯಾಗುತ್ತಿರಲಿಲ್ಲ. ನಾನೂರು ಕೊಟ್ಟವರ ಹೆಸರಿನಲ್ಲಿ ಎಂಟುನೂರು ಜಮೆಯಾಗಿ, ಎಂಟುನೂರು ಕೊಟ್ಟವರಿಗೆ ಬಾಕಿಯ ಚೀಟಿ ಹೋಗುತ್ತಿತ್ತು, ಮತ್ತು ಪುಸ್ತಕವನ್ನು ಎಷ್ಟು ಸಲ ಕೂಡಿಸಿದರೂ ಆ ತಪ್ಪು ಹೊರಬರುತ್ತಿರಲಿಲ್ಲ.

ಈಗ ನಾನು ಮೂಲ ಪುಸ್ತಕದ ಅಂಕಿಯನ್ನು ಮುಟ್ಟುವುದಿಲ್ಲ, ಅದರ ಮೇಲೆ ತಿದ್ದುವುದಂತೂ ಇಲ್ಲವೇ ಇಲ್ಲ. ಬೇರೆ ಹಾಳೆಯಲ್ಲಿ ಪ್ರತಿ ಸಾಲನ್ನೂ ಒಂದೇ ಬಗೆಯ ಅಂಕಿಗಳಲ್ಲಿ ಇಳಿಸಿಕೊಂಡು, ಪಕ್ಕದಲ್ಲಿ "ಕ" ಅಥವಾ "ಇಂ" ಎಂದು ಗುರುತು ಹಾಕುತ್ತೇನೆ. ಯಾವುದೆಂದು ಹೇಳಲಾಗದ ಕಡೆ ಎರಡೂ ಓದುಗಳನ್ನು ಬರೆದಿಡುತ್ತೇನೆ. ಅನುಮಾನದ ಸಾಲುಗಳೆಲ್ಲ ರಸೀದಿಯ ಪ್ರತಿಯೊಂದಿಗೆ ತಾಳೆಯಾಗುವವರೆಗೆ ಮೊತ್ತ ಹಾಕುವುದಿಲ್ಲ. ರಸೀದಿಯಲ್ಲಿ ಅಂಕಿಗಿಂತ ಅಕ್ಷರದಲ್ಲಿ ಬರೆದದ್ದನ್ನೇ ಮೊದಲು ನೋಡುತ್ತೇನೆ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸವಿದ್ದರೆ ಅಕ್ಷರದಲ್ಲಿರುವ ಮೊಬಲಗೇ ನಿಲ್ಲುತ್ತದೆ ಎಂದು 1881ರ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಹೇಳುವುದೂ ಇದನ್ನೇ. "ನಾನೂರು" ಮತ್ತು "ಎಂಟುನೂರು" ಎಂಬ ಅಕ್ಷರಗಳು ಎಷ್ಟು ಕೆಟ್ಟ ಕೈಬರಹದಲ್ಲಿಯೂ ಒಂದರಂತೆ ಒಂದು ಕಾಣುವುದಿಲ್ಲ.

ಕನ್ನಡ ಅಂಕಿಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆ ಹಿರಿಯರ ಹಳೆಯ ಪುಸ್ತಕಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಕನ್ನಡ ಅಂಕಿಗಳೇ ಇವೆ, ಅವುಗಳಲ್ಲಿ ಎಲ್ಲಿಯೂ ನಾನು ತಡವರಿಸಲಿಲ್ಲ, ಏಕೆಂದರೆ ಅಲ್ಲಿ ಎಂಟಕ್ಕೆ ೮ ಇರುವುದರಿಂದ ಮುಚ್ಚಿದ ೪ ಬೇರೇನೂ ಆಗಲು ಸಾಧ್ಯವಿಲ್ಲ. ಹೊಸ ಪುಸ್ತಕ ತೆರೆಯುವವರು ಯಾವ ಅಂಕಿಗಳನ್ನಾದರೂ ಆರಿಸಿಕೊಳ್ಳಲಿ, ಮೊದಲ ಪುಟದಲ್ಲಿ ಅದನ್ನು ಬರೆದಿಟ್ಟು, ಬರೆಯುವ ಎಲ್ಲರೂ ಅದನ್ನೇ ಬಳಸುವಂತೆ ನೋಡಿಕೊಂಡರೆ ಸಾಕು.

ಬೆರೆತ ಪುಸ್ತಕದಲ್ಲಿ ಇನ್ನೂ ಒಂದು ಸಾಲು ಉಳಿದಿತ್ತು. ಅದರ ರಸೀದಿ ಪ್ರತಿ ಹರಿದುಹೋಗಿತ್ತು, ಅಂಕಿಯ ಮೇಲೆ ನೀರು ಬಿದ್ದು ಶಾಯಿ ಹರಡಿತ್ತು, ನಮೂನೆಯೊಂದಿಗೆ ಹೋಲಿಸಿದರೂ ಏನೂ ತಿಳಿಯಲಿಲ್ಲ. ನನ್ನ ಹಾಳೆಯಲ್ಲಿ ಅದನ್ನು "400 ಅಥವಾ 800" ಎಂದೇ ಬರೆದು, ಆ ಸದಸ್ಯರಿಗೆ ಬಾಕಿಯ ಚೀಟಿ ಕಳಿಸದೆ, ನಿಮ್ಮ ಬಳಿಯಿರುವ ರಸೀದಿಯನ್ನು ಒಮ್ಮೆ ತೋರಿಸುತ್ತೀರಾ ಎಂದು ಕೇಳಿದೆ.